‘ಸರ್ಟಿಫಿಕೇಟ್’ ಎಂದಷ್ಟೇ ಬರೆದವರಿಗೆ ಏನು ಉತ್ತರಿಸಬೇಕು?

ಮಂಜೇಶ್ವರ ತಾಲೂಕಿನ ಒಂದು ಸರ್ಕಾರಿ ಸೇವಾ ಸಹಾಯ ಕೇಂದ್ರದಲ್ಲಿ ಕೂತು, ಮೊಬೈಲಿಗೆ ಬರುವ ಕನ್ನಡದ ಸಂದೇಶಗಳಿಗೆ ಉತ್ತರಿಸುವುದು ನನ್ನ ಕೆಲಸ. ಸಂದೇಶಗಳಲ್ಲಿ ಹಲವು ಒಂದೇ ಪದದವು. ‘ಪೆನ್ಶನ್’ ಎಂದು ಬರುತ್ತದೆ, ‘ರೇಶನ್’ ಎಂದು ಬರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ‘ಸರ್ಟಿಫಿಕೇಟ್’ ಎಂದು ಬರುತ್ತದೆ. ಹಿಂದೆ ಮುಂದೆ ಏನೂ ಇರುವುದಿಲ್ಲ. ಯಾರದ್ದು, ಏಕೆ, ಎಲ್ಲಿಗೆ ಎಂಬ ಸುಳಿವೂ ಇರುವುದಿಲ್ಲ. ಅಕ್ಷಯ ಕೇಂದ್ರದಲ್ಲಿ ಕೆಲಸ ಮಾಡುವವರು, ಗ್ರಂಥಾಲಯದಲ್ಲಿ ಅರ್ಜಿ ತುಂಬಿಸಿಕೊಡುವವರು, ಕುಟುಂಬಶ್ರೀಯ ಗೆಳತಿಯರು, ನೆರೆಮನೆಯವರಿಗೆ ನೆರವಾಗುವ ಕಾಲೇಜು ಹುಡುಗರು ಎಲ್ಲರಿಗೂ ಇಂಥ ಸಂದೇಶ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಅದನ್ನು ಹೇಗೆ ಬಿಡಿಸಬೇಕು ಎಂಬುದನ್ನು ನಾನು ಕಲಿತ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾನು ಮಾಡುತ್ತಿದ್ದ ತಪ್ಪನ್ನು ಹೇಳಿಬಿಡುತ್ತೇನೆ. ಆ ಪದ ಬಂದ ಕೂಡಲೇ ನಾನೊಂದು ಪಟ್ಟಿ ಕಳುಹಿಸುತ್ತಿದ್ದೆ. ವರಮಾನ, ಜಾತಿ, ವಾಸ್ತವ್ಯ, ನೇಟಿವಿಟಿ, ಸ್ವಾಧೀನ, ಸಂಬಂಧ, ವಾರಿಸು ಎಂದು ಕೇರಳದ ಇ-ಡಿಸ್ಟ್ರಿಕ್ಟ್ ಜಾಲತಾಣದಲ್ಲಿ ಇರುವುದನ್ನೆಲ್ಲ ಸಾಲಾಗಿ ಬರೆದು, ‘ಇವುಗಳಲ್ಲಿ ಯಾವುದು ಬೇಕು?’ ಎಂದು ಕೇಳುತ್ತಿದ್ದೆ. ಅರ್ಧಕ್ಕರ್ಧ ಜನ ಮತ್ತೆ ಬರೆಯುತ್ತಲೇ ಇರಲಿಲ್ಲ. ಬರೆದವರು ಪಟ್ಟಿಯ ಮೊದಲನೆಯದನ್ನೇ ಆರಿಸಿಕೊಳ್ಳುತ್ತಿದ್ದರು. ವರಮಾನ ಸರ್ಟಿಫಿಕೇಟ್ ಮಾಡಿಸಿಕೊಂಡು ಹೋಗಿ, ‘ಇದು ಅಲ್ಲ’ ಎಂದು ಹೇಳಿಸಿಕೊಂಡು ತಿರುಗಿ ಬಂದವರು ಇದ್ದಾರೆ. ಅವರ ಒಂದು ದಿನದ ಕೂಲಿ ಹೋಗಿತ್ತು, ಅಪ್ಪಿತಪ್ಪಿ ಕೊಟ್ಟ ನನ್ನ ಉತ್ತರದಿಂದ.

ಪಟ್ಟಿ ಏಕೆ ಸೋಲುತ್ತದೆ ಎಂಬುದು ಆಮೇಲೆ ತಿಳಿಯಿತು. ತನಗೆ ಯಾವ ಸರ್ಟಿಫಿಕೇಟ್ ಬೇಕು ಎಂದು ಗೊತ್ತಿರುವವರು ಅದರ ಹೆಸರನ್ನೇ ಬರೆಯುತ್ತಾರೆ. ಬರೀ ‘ಸರ್ಟಿಫಿಕೇಟ್’ ಎಂದು ಬರೆಯುವವರಿಗೆ ಬೇರೆ ಯಾರೋ ಒಂದು ಕೌಂಟರಿನಲ್ಲಿ ಆ ಪದವನ್ನು ಹೇಳಿ ಕಳುಹಿಸಿರುತ್ತಾರೆ. ‘ಸರ್ಟಿಫಿಕೇಟ್ ತನ್ನಿ’ ಎಂದು ಬ್ಯಾಂಕಿನವರು ಹೇಳಿದರು, ಶಾಲೆಯವರು ಹೇಳಿದರು, ವಿದ್ಯುತ್ ಕಚೇರಿಯವರು ಹೇಳಿದರು. ಅವರು ಕೇಳಿಸಿಕೊಂಡದ್ದು ಅಷ್ಟೇ, ಬರೆದದ್ದೂ ಅಷ್ಟೇ. ಆದ್ದರಿಂದ ‘ಯಾವ ಸರ್ಟಿಫಿಕೇಟ್?’ ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿಲ್ಲ. ‘ಯಾರು ಕೇಳಿದರು?’ ಎಂಬುದಕ್ಕೆ ಉತ್ತರ ಖಂಡಿತ ಇದೆ.

ಮೊದಲ ಉತ್ತರ

ಈಗ ನಾನು ಕಳುಹಿಸುವ ಮೊದಲ ಸಂದೇಶ ಇಷ್ಟೇ:

‘ನಮಸ್ಕಾರ. ಸರ್ಟಿಫಿಕೇಟ್ ತನ್ನಿ ಎಂದು ನಿಮಗೆ ಹೇಳಿದ್ದು ಯಾರು? ಬ್ಯಾಂಕೋ, ಶಾಲೆಯೋ, ಬೇರೆ ಕಚೇರಿಯೋ? ಅವರು ಚೀಟಿ ಏನಾದರೂ ಕೊಟ್ಟಿದ್ದರೆ ಅದರ ಫೋಟೋ ಕಳುಹಿಸಿ. ಬರೆಯಲು ಕಷ್ಟವಾದರೆ ಮಾತಿನಲ್ಲಿಯೇ ಹೇಳಿ ಕಳುಹಿಸಬಹುದು.’

ಕೊನೆಯ ವಾಕ್ಯವನ್ನು ಬಿಡಬೇಡಿ. ನಮ್ಮ ಕಡೆ ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಹವ್ಯಕವನ್ನೋ ಕೊಂಕಣಿಯನ್ನೋ ಆಡುತ್ತಾರೆ. ಶಾಲೆಯಲ್ಲಿ ಕನ್ನಡ ಕಲಿತವರಿದ್ದಾರೆ, ಮಲಯಾಳ ಕಲಿತವರೂ ಇದ್ದಾರೆ. ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಪದವನ್ನು ಬರೆದವರು ಕನ್ನಡದಲ್ಲಿ ಬರೆಯಲಾರದೆ ಹಾಗೆ ಬರೆದಿರಬಹುದು. ಮಾತನಾಡಲು ಬಿಟ್ಟರೆ ಒಂದು ನಿಮಿಷದ ಧ್ವನಿಯಲ್ಲಿ ನಾಲ್ಕು ಪ್ರಶ್ನೆಗಳ ಉತ್ತರ ಒಟ್ಟಿಗೆ ಸಿಕ್ಕಿಬಿಡುತ್ತದೆ.

ಈ ಹಂತದಲ್ಲಿ ಆಧಾರ್ ಕಾರ್ಡಿನ ಫೋಟೋ ಕೇಳಲೇಬೇಡಿ. ಯಾವ ಕಚೇರಿಗೆ ಹೋಗಬೇಕು ಎಂದು ಹೇಳುವುದಕ್ಕೆ ಆಧಾರ್ ಸಂಖ್ಯೆ ಬೇಕಾಗಿಲ್ಲ. ಅರ್ಜಿ ತುಂಬಿಸುವ ದಿನ ಅವರೇ ಕಾರ್ಡನ್ನು ಹಿಡಿದುಕೊಂಡು ಬರಲಿ. ಕೇಳದೆಯೇ ಕಳುಹಿಸಿದರೆ ಅಳಿಸಿ, ಅಳಿಸಿದ್ದೇನೆ ಎಂದು ಅವರಿಗೂ ತಿಳಿಸಿ.

ಚೀಟಿಯನ್ನು ಓದುವಾಗ

ಚೀಟಿ ಬಂದರೆ ಅರ್ಧ ಕೆಲಸ ಮುಗಿಯಿತು. ಆದರೆ ಚೀಟಿ ಮಲಯಾಳದಲ್ಲಿ ಇರುತ್ತದೆ, ಇಲ್ಲವೇ ಚೀಟಿಯೇ ಇಲ್ಲದೆ ಮಲಯಾಳದ ಪದವೊಂದು ಕಿವಿಯಿಂದ ಕಿವಿಗೆ ದಾಟಿ ಬಂದಿರುತ್ತದೆ. ಕನ್ನಡದ ಕಿವಿ ಮೋಸ ಹೋಗುವುದು ಇಲ್ಲಿಯೇ. ಎರಡೂ ಭಾಷೆಗಳಲ್ಲಿ ಇರುವ ಪದ, ಅರ್ಥ ಮಾತ್ರ ಬೇರೆ.

‘ಅಪೇಕ್ಷೆ’ ಎಂದರೆ ನಮಗೆ ಬಯಕೆ. ಮಲಯಾಳದ ‘ಅಪೇಕ್ಷ’ ಎಂದರೆ ಅರ್ಜಿ. ‘ಅಪೇಕ್ಷ ಕೊಡಿ’ ಎಂದಿದ್ದರೆ ಅರ್ಜಿ ಕೊಡಿ ಎಂದಷ್ಟೇ ಅರ್ಥ. ‘ತಾಮಸ’ ಎಂದರೆ ನಮಗೆ ಜಡತನ, ತಮೋಗುಣ. ಅವರಿಗೆ ವಾಸ. ‘ತಾಮಸ ಸರ್ಟಿಫಿಕೇಟ್’ ಎಂದರೆ ಇಂಥ ಕಡೆ ವಾಸವಾಗಿದ್ದಾರೆ ಎಂಬ ವಾಸ್ತವ್ಯ ಪತ್ರ. ‘ಕೈವಶ’ ಎಂದರೆ ಜಮೀನು ಯಾರ ಸ್ವಾಧೀನದಲ್ಲಿದೆ ಎಂಬುದು. ಮನೆ ಸಾಲಕ್ಕೋ ವಿದ್ಯುತ್ ಸಂಪರ್ಕಕ್ಕೋ ಕೇಳುವ ‘ಕೈವಶಾವಕಾಶ ಸರ್ಟಿಫಿಕೇಟ್’ ಇದೇ.

ಇವೆಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ‘ಅವಕಾಶ’. ನಮಗೆ ಅವಕಾಶ ಎಂದರೆ ಆಸ್ಪದ, ಸಂದರ್ಭ. ಮಲಯಾಳದಲ್ಲಿ ಅದು ಹಕ್ಕು. ‘ಅನಂತರಾವಕಾಶ ಸರ್ಟಿಫಿಕೇಟ್’ ಎಂದರೆ ತೀರಿಕೊಂಡವರ ಆಸ್ತಿಗೆ ಹಕ್ಕುದಾರರು ಯಾರು ಎಂದು ತಹಶೀಲ್ದಾರರು ಕೊಡುವ ಪತ್ರ, ಅಂದರೆ ವಾರಿಸು ಪತ್ರ. ಆಡುಮಾತಿನಲ್ಲಿ ಅದು ‘ಅವಕಾಶ ಸರ್ಟಿಫಿಕೇಟ್’ ಆಗುತ್ತದೆ. ಒಂದು ಮನೆಯಲ್ಲಿ ಸಾವು ಸಂಭವಿಸಿದ ಕೂಡಲೇ ಊರಿನವರೆಲ್ಲ ‘ಅವಕಾಶ ಮಾಡಿಸಿ’ ಎಂದು ಸಲಹೆ ಕೊಡುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅದು ಬೇಕೇ ಬೇಡವೇ ಎಂದು ಕೇಳುವವರು ಕಡಿಮೆ.

ಇನ್ನೊಂದು ಗೊಂದಲ ಗಡಿಯ ಆಚೆಯಿಂದ ಬರುತ್ತದೆ. ಮಂಗಳೂರಿನಲ್ಲಿರುವ ಭಾವನೋ ಪುತ್ತೂರಿನಲ್ಲಿರುವ ಚಿಕ್ಕಮ್ಮನೋ ಫೋನಿನಲ್ಲಿ ‘ನಾಡಕಚೇರಿಗೆ ಹೋಗಿ ವಂಶವೃಕ್ಷ ಮಾಡಿಸು’ ಎನ್ನುತ್ತಾರೆ. ಅವರ ಊರಿನಲ್ಲಿ ಅದು ಸರಿಯಾದ ಮಾತು. ಕೇರಳದಲ್ಲಿ ನಾಡಕಚೇರಿ ಎಂಬುದು ಇಲ್ಲ. ಇಲ್ಲಿರುವುದು ವಿಲೇಜ್ ಆಫೀಸು, ಅದರ ಮೇಲೆ ತಾಲೂಕು ಕಚೇರಿ. ಮಂಜೇಶ್ವರ ತಾಲೂಕಿನವರಿಗೆ ಅದು ಉಪ್ಪಳದಲ್ಲಿದೆ.

ಎರಡನೆಯ ಪ್ರಶ್ನೆ: ಯಾರ ಹೆಸರಿನಲ್ಲಿ?

ಇದನ್ನು ಮೃದುವಾಗಿ ಕೇಳಬೇಕು. ‘ಸರ್ಟಿಫಿಕೇಟ್ ನಿಮ್ಮ ಹೆಸರಿನಲ್ಲಿಯೇ ಬೇಕೋ, ಮನೆಯ ಬೇರೆಯವರದ್ದೋ?’ ಎಂದರೆ ಸಾಕು. ಒಂದೇ ಪದ ಬರೆದವರು ಯಾಕೆ ಒಂದೇ ಪದ ಬರೆದರು ಎಂಬುದು ಹಲವು ಸಲ ಇಲ್ಲಿ ಬಯಲಾಗುತ್ತದೆ. ಮಗುವಿನದ್ದು ಎಂದರೆ ಜನನ ಪತ್ರವೋ ಶಾಲೆಯ ಜಾತಿ ಪತ್ರವೋ ಇರಬಹುದು. ‘ಇವರದ್ದು’ ಎಂದಷ್ಟೇ ಬರೆದು ನಿಲ್ಲಿಸಿದರೆ, ಮುಂದಿನ ಪ್ರಶ್ನೆಗೆ ಮೊದಲು ಒಂದು ಕ್ಷಣ ತಡೆಯಿರಿ. ಗಂಡನ ಮರಣ ಪತ್ರ ಎಂದು ತನ್ನ ಕೈಯಿಂದ ಬರೆಯುವುದು ಹೆಂಡತಿಗೆ ಸುಲಭವಲ್ಲ.

ಮೂರನೆಯ ಪ್ರಶ್ನೆ: ಎಲ್ಲಿ ನಡೆದದ್ದು?

ಗಡಿನಾಡಿನಲ್ಲಿ ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ತಿರುವನಂತಪುರದಲ್ಲಿ ಕೂತು ಉತ್ತರಿಸುವವರಿಗೆ ಇದು ಹೊಳೆಯದೇ ಇರಬಹುದು. ನಮಗೆ ಹೊಳೆಯದಿದ್ದರೆ ಕ್ಷಮೆಯಿಲ್ಲ.

1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಜನನವನ್ನಾಗಲಿ ಮರಣವನ್ನಾಗಲಿ ಅದು ನಡೆದ ಸ್ಥಳದಲ್ಲಿ ನೋಂದಾಯಿಸಬೇಕು. ಮನೆ ಎಲ್ಲಿದೆ, ರೇಶನ್ ಕಾರ್ಡು ಎಲ್ಲಿಯದು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ತಾಲೂಕಿನ ಎಷ್ಟೋ ಮಕ್ಕಳು ಹುಟ್ಟುವುದು ತಲಪಾಡಿ ದಾಟಿ ಮಂಗಳೂರಿನಲ್ಲಿ. ಕಾಯಿಲೆ ಬಿದ್ದವರನ್ನು ಕರೆದೊಯ್ಯುವುದು ಮಂಗಳೂರಿಗೆ ಅಥವಾ ದೇರಳಕಟ್ಟೆಗೆ. ಅಲ್ಲಿ ಹುಟ್ಟಿದವರ, ಅಲ್ಲಿ ತೀರಿಕೊಂಡವರ ದಾಖಲೆ ಕರ್ನಾಟಕದ ರಿಜಿಸ್ಟರಿನಲ್ಲಿ ಇರುತ್ತದೆ. ನಮ್ಮ ಪಂಚಾಯತಿನ ಕೆ-ಸ್ಮಾರ್ಟ್‌ನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ‘ಪಂಚಾಯತಿನವರು ಹೆಸರೇ ಇಲ್ಲ ಎನ್ನುತ್ತಾರೆ’ ಎಂದು ಗಾಬರಿಯಿಂದ ಯಾರಾದರೂ ಬರೆದರೆ, ಮೊದಲು ಆಸ್ಪತ್ರೆ ಯಾವ ಊರಿನದ್ದು ಎಂದು ಕೇಳಿ.

ಅಲ್ಲಿಯೂ ಒಂದು ಸೂಕ್ಷ್ಮವಿದೆ. ಜನ ‘ಮಂಗಳೂರು ಆಸ್ಪತ್ರೆ’ ಎಂದು ಹೇಳುವ ಎಲ್ಲವೂ ಮಂಗಳೂರು ಮಹಾನಗರ ಪಾಲಿಕೆಯ ಒಳಗೆ ಇಲ್ಲ. ದೇರಳಕಟ್ಟೆ ಉಳ್ಳಾಲ ತಾಲೂಕಿನಲ್ಲಿದೆ, ಪಾಲಿಕೆಯ ಹೊರಗೆ. ಆದ್ದರಿಂದ ಪಾಲಿಕೆ ಕಚೇರಿಗೆ ಹೋಗಿ ಎಂದು ಒಂದೇ ಉಸಿರಿಗೆ ಹೇಳಿಬಿಡಬೇಡಿ. ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಫೋನ್ ಮಾಡಿ, ‘ವರದಿಯನ್ನು ಯಾವ ನೋಂದಣಿ ಕಚೇರಿಗೆ, ಯಾವ ದಿನ ಕಳುಹಿಸಿದ್ದೀರಿ?’ ಎಂದು ಕೇಳಲು ಹೇಳಿ. ಆಸ್ಪತ್ರೆಯಲ್ಲಿ ನಡೆದ ಜನನ ಮರಣಗಳ ವರದಿ ಕೊಡುವ ಹೊಣೆ ಆಸ್ಪತ್ರೆಯದೇ. ಮನೆಯಲ್ಲಿ ನಡೆದಿದ್ದರೆ ಮಾತ್ರ ಅದು ಮನೆಯ ಹಿರಿಯರದು. ಆಗ 21 ದಿನಗಳೊಳಗೆ ನಮ್ಮದೇ ಪಂಚಾಯತಿಗೆ ತಿಳಿಸಬೇಕು.

ಉಳಿದ ಪತ್ರಗಳ ಹಂಚಿಕೆಯನ್ನು ಚುಟುಕಾಗಿ ಹೇಳುತ್ತೇನೆ. ವರಮಾನ, ವಾಸ್ತವ್ಯ, ಕೈವಶ, ಹಿಂದುಳಿದ ವರ್ಗದವರ ಜಾತಿ ಪತ್ರ ವಿಲೇಜ್ ಆಫೀಸಿನಿಂದ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರ ಜಾತಿ ಪತ್ರ, ವಾರಿಸು ಪತ್ರ ತಹಶೀಲ್ದಾರರಿಂದ. ಅಕ್ಷಯ ಕೇಂದ್ರದಲ್ಲಿ ಅಥವಾ ಸ್ವತಃ edistrict.kerala.gov.in ತಾಣದಲ್ಲಿ ಅರ್ಜಿ ಹಾಕಬಹುದು. ಜಾತಿ ಪತ್ರ ಎಂದು ತಿಳಿದ ಮೇಲೂ ‘ಕೇರಳದ ಕೆಲಸಕ್ಕೋ, ಕೇಂದ್ರ ಸರ್ಕಾರದ ಕೆಲಸಕ್ಕೋ?’ ಎಂದು ಕೇಳಿ. ಕೆನೆಪದರಕ್ಕೆ ಸೇರಿಲ್ಲ ಎಂಬ ಪತ್ರದ ನಮೂನೆ ಎರಡಕ್ಕೂ ಬೇರೆ, ಸಹಿ ಮಾಡುವ ಅಧಿಕಾರಿಯೂ ಬೇರೆ.

ಒಂದು ಸಂಭಾಷಣೆ, ಮೊದಲಿನಿಂದ ಕೊನೆಯವರೆಗೆ

ಒಂದು ಸೋಮವಾರ ಬೆಳಿಗ್ಗೆ ಬಂದ ಸಂದೇಶವನ್ನು ಇಲ್ಲಿ ಕೊಡುತ್ತೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಅವರು: ಸರ್ಟಿಫಿಕೇಟ್

ನಾನು: ನಮಸ್ಕಾರ. ಸರ್ಟಿಫಿಕೇಟ್ ತನ್ನಿ ಎಂದು ಯಾರು ಹೇಳಿದರು? ಚೀಟಿ ಕೊಟ್ಟಿದ್ದರೆ ಫೋಟೋ ಕಳುಹಿಸಿ. ಮಾತಿನಲ್ಲಿ ಹೇಳಿದರೂ ಆದೀತು.

ಅವರು: ಬ್ಯಾಂಕ್

ನಾನು: ಸರಿ. ಬ್ಯಾಂಕಿನಲ್ಲಿ ಖಾತೆ ನಿಮ್ಮ ಹೆಸರಿನಲ್ಲಿ ಇದೆಯೋ, ಮನೆಯ ಬೇರೆಯವರದ್ದೋ?

ಇಪ್ಪತ್ತು ನಿಮಿಷ ಏನೂ ಬರಲಿಲ್ಲ. ಆಮೇಲೆ ಬಂದದ್ದು ಧ್ವನಿ.

ಅವರು: ಇವರದ್ದು ಸಾರ್. ಇವರು ಹೋಗಿ ಹದಿನೈದು ದಿವಸ ಆಯಿತು. ಬ್ಯಾಂಕಿನಲ್ಲಿ ಸರ್ಟಿಫಿಕೇಟ್ ತನ್ನಿ ಎಂದರು. ಪಂಚಾಯತಿಗೆ ಹೋದೆ, ಅಲ್ಲಿ ಹೆಸರು ಇಲ್ಲವಂತೆ. ಪಕ್ಕದ ಮನೆಯವರು ಅವಕಾಶ ಸರ್ಟಿಫಿಕೇಟ್ ಮಾಡಿಸಬೇಕು ಎನ್ನುತ್ತಾರೆ.

ನಾನು: ಅಕ್ಕಾ, ಕೇಳಿ ಬಹಳ ಬೇಸರವಾಯಿತು. ಅವಸರ ಮಾಡಬೇಡಿ, ಒಂದೊಂದಾಗಿ ನೋಡೋಣ. ಅವರು ತೀರಿಕೊಂಡದ್ದು ಮನೆಯಲ್ಲಿಯೋ, ಆಸ್ಪತ್ರೆಯಲ್ಲಿಯೋ? ಆಸ್ಪತ್ರೆಯಾದರೆ ಯಾವ ಊರು?

ಅವರು: ದೇರಳಕಟ್ಟೆ. ಸರ್ಟಿಫಿಕೇಟ್ ಅಲ್ಲಿಯೇ ಕೊಟ್ಟಿದ್ದಾರೆ, ಬ್ಯಾಂಕಿನವರು ಅದನ್ನು ತೆಗೆದುಕೊಳ್ಳುವುದಿಲ್ಲ.

ಜೊತೆಗೆ ಒಂದು ಫೋಟೋ ಬಂತು. ಆಸ್ಪತ್ರೆಯ ಮುದ್ರೆಯಿದ್ದ, ನಾಲ್ಕಾಗಿ ಮಡಚಿ ಮಡಿಕೆಯಲ್ಲಿ ಹರಿಯತೊಡಗಿದ್ದ ಒಂದು ಹಾಳೆ. ಮೃತದೇಹವನ್ನು ಮನೆಗೆ ಒಯ್ಯುವಾಗ ಆಸ್ಪತ್ರೆ ಕೊಡುವ ಕಾಗದ ಅದು. ವೈದ್ಯರ ಸಹಿ ಇತ್ತು, ತೀರಿಕೊಂಡ ಸಮಯವಿತ್ತು. ನೋಂದಣಿ ಸಂಖ್ಯೆ ಇರಲಿಲ್ಲ. ಈ ವ್ಯತ್ಯಾಸವನ್ನು ಕಣ್ಣಿನಲ್ಲಿ ಇಟ್ಟುಕೊಳ್ಳಿ. ನಿಜವಾದ ಮರಣ ಪ್ರಮಾಣಪತ್ರದಲ್ಲಿ ‘ನಮೂನೆ 6’ ಎಂದು ಇರುತ್ತದೆ, ನೋಂದಣಿ ಸಂಖ್ಯೆ ಮತ್ತು ನೋಂದಣಿಯ ದಿನಾಂಕ ಇರುತ್ತವೆ, ಕೊಟ್ಟವರು ಜನನ ಮರಣ ನೋಂದಣಾಧಿಕಾರಿ. ಜನನ ಪತ್ರವಾದರೆ ಅದು ‘ನಮೂನೆ 5’. ಈ ಎರಡು ಅಂಕೆಗಳನ್ನು ಫೋಟೋದಲ್ಲಿ ಹುಡುಕಿದರೆ ಅನುಮಾನ ಉಳಿಯುವುದಿಲ್ಲ.

ನಾನು: ಅಕ್ಕಾ, ಇದು ಆಸ್ಪತ್ರೆಯ ಕಾಗದ. ಜಾಗ್ರತೆಯಾಗಿ ಇಟ್ಟುಕೊಳ್ಳಿ, ಬೇಕಾಗುತ್ತದೆ. ಬ್ಯಾಂಕಿಗೆ ಬೇಕಾದದ್ದು ಮರಣ ಪ್ರಮಾಣಪತ್ರ. ದೇರಳಕಟ್ಟೆ ಕರ್ನಾಟಕದಲ್ಲಿ ಇರುವುದರಿಂದ ಅದು ನಮ್ಮ ಪಂಚಾಯತಿನಲ್ಲಿ ಸಿಗುವುದಿಲ್ಲ, ಅಲ್ಲಿಯೇ ಸಿಗುತ್ತದೆ. ಪಂಚಾಯತಿನವರು ಹೆಸರು ಇಲ್ಲ ಎಂದದ್ದು ಅದಕ್ಕೇ. ನೀವು ಏನೂ ತಪ್ಪು ಮಾಡಿಲ್ಲ.

ಅವರು: ಅವಕಾಶ ಬೇಡವಾ?

ನಾನು: ಅದನ್ನು ಈಗಲೇ ಹೇಳುತ್ತೇನೆ. ಬ್ಯಾಂಕಿನ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ ಕಳುಹಿಸಿ. ಖಾತೆ ಸಂಖ್ಯೆಯ ಮೇಲೆ ಬೆರಳು ಇಟ್ಟು ಮುಚ್ಚಿ.

ಈ ಪ್ರಶ್ನೆಗಾಗಿಯೇ ಈ ಸಂಭಾಷಣೆಯನ್ನು ಪೂರ್ತಿಯಾಗಿ ಕೊಟ್ಟಿದ್ದೇನೆ. ಖಾತೆಗೆ ನಾಮಿನಿ ಇದ್ದರೆ, ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ದಾಖಲೆ ಮತ್ತು ಬ್ಯಾಂಕಿನದೇ ಒಂದು ಅರ್ಜಿಯ ಮೇಲೆ ಹಣ ನಾಮಿನಿಯ ಕೈಗೆ ಬರುತ್ತದೆ. ವಾರಿಸು ಪತ್ರ ಬೇಕಾಗುವುದಿಲ್ಲ. ಕೇರಳದಲ್ಲಿ ವಾರಿಸು ಪತ್ರ ಎಂದರೆ ಸಣ್ಣ ಕೆಲಸವಲ್ಲ. ವಿಲೇಜ್ ಆಫೀಸಿನವರು ವಿಚಾರಣೆ ನಡೆಸಬೇಕು, ತಾಲೂಕು ಕಚೇರಿಯಿಂದ ಗೆಜೆಟ್ಟಿನಲ್ಲಿ ಪ್ರಕಟಣೆ ಹೋಗಬೇಕು, ಆಕ್ಷೇಪಣೆಗೆ 30 ದಿನ ಬಿಡಬೇಕು, ಆಮೇಲೆ ಪತ್ರ. ಪಕ್ಕದ ಮನೆಯವರ ಮಾತನ್ನು ನಂಬಿ ಆ ಅಕ್ಕ ಅದಕ್ಕೆ ಅರ್ಜಿ ಹಾಕಿದ್ದರೆ, ತಿಂಗಳುಗಟ್ಟಲೆ ಅಲೆದು ಕೊನೆಗೂ ಮರಣ ಪ್ರಮಾಣಪತ್ರ ಇಲ್ಲದೆ ಅಲ್ಲಿಯೇ ನಿಲ್ಲಬೇಕಾಗುತ್ತಿತ್ತು. ವಾರಿಸು ಪತ್ರಕ್ಕೂ ಮೊದಲು ಕೇಳುವುದು ಅದನ್ನೇ. ಜಮೀನು ಗಂಡನ ಹೆಸರಿನಲ್ಲಿ ಇದ್ದರೆ ಮುಂದೊಂದು ದಿನ ವಾರಿಸು ಪತ್ರ ಬೇಕಾದೀತು. ಅದು ಬೇರೆ ದಿನದ ಕೆಲಸ, ಬ್ಯಾಂಕಿನ ಹಣವನ್ನು ಅದಕ್ಕೆ ಕಟ್ಟಿಹಾಕಬಾರದು.

ಪಾಸ್‌ಬುಕ್ಕಿನ ಫೋಟೋ ಬಂತು. ವಿಳಾಸದ ಕೆಳಗೆ ನಾಮಿನಿ ನೋಂದಣಿಯಾಗಿದೆ ಎಂಬ ಸಾಲು ಮುದ್ರಿತವಾಗಿತ್ತು. ಯಾರ ಹೆಸರು ಎಂದು ಅಲ್ಲಿ ಇರಲಿಲ್ಲ.

ನಾನು: ನಾಮಿನಿ ಇದ್ದಾರೆ ಅಕ್ಕಾ. ನಿಮ್ಮ ಹೆಸರೇ ಇರಬಹುದು, ಬ್ಯಾಂಕಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ನಿಮ್ಮದೇ ಆಗಿದ್ದರೆ ಈ ಖಾತೆಗೆ ಅವಕಾಶ ಸರ್ಟಿಫಿಕೇಟ್ ಬೇಕಾಗುವುದಿಲ್ಲ.

ನಾಮಿನಿ ಇಲ್ಲದ ಖಾತೆಯಾಗಿದ್ದರೂ ವಾರಿಸು ಪತ್ರದ ಅರ್ಜಿಗೆ ಓಡಬೇಕಾಗಿಲ್ಲ. ಒಂದು ಮಿತಿಯೊಳಗಿನ ಮೊತ್ತಕ್ಕೆ ಬ್ಯಾಂಕುಗಳಲ್ಲಿ ಸರಳ ಕ್ರಮವಿದೆ. ಮನೆಯವರೆಲ್ಲ ಸಹಿ ಹಾಕುವ ಬ್ಯಾಂಕಿನದೇ ನಮೂನೆ ಇರುತ್ತದೆ. ‘ಈ ಮೊತ್ತಕ್ಕೆ ಯಾವ ಯಾವ ಕಾಗದ ಬೇಕು ಎಂದು ಬರೆದು ಕೊಡಿ’ ಎಂದು ಕೇಳಲು ಹೇಳಿ. ಬರೆದು ಕೊಟ್ಟ ಚೀಟಿ ಕೈಯಲ್ಲಿ ಇದ್ದರೆ ನಾಳೆ ಇನ್ನೊಬ್ಬ ಗುಮಾಸ್ತರು ಇನ್ನೊಂದು ಮಾತು ಹೇಳುವುದು ತಪ್ಪುತ್ತದೆ.

ಹೆಸರಿನ ಕಾಗುಣಿತ

ಇದನ್ನು ನೋಂದಣಿಗೆ ಮೊದಲೇ ನೋಡಿಕೊಳ್ಳಬೇಕು. ನಮ್ಮ ಹೆಸರುಗಳು ಮೂರು ಲಿಪಿಗಳಲ್ಲಿ ಓಡಾಡುತ್ತವೆ. ಮನೆಯಲ್ಲಿ ಐತಪ್ಪ. ಮಲಯಾಳದ ರೇಶನ್ ಕಾರ್ಡಿನಲ್ಲಿ ಅದು ಹೇಗೋ ಒಂದು ರೂಪ ಪಡೆದಿರುತ್ತದೆ. ಆಧಾರ್‌ನಲ್ಲಿ `Aithappa`, ಪಾಸ್‌ಬುಕ್ಕಿನಲ್ಲಿ `Ithappa`, ಆಸ್ಪತ್ರೆಗೆ ಸೇರಿಸುವಾಗ ಅವಸರದಲ್ಲಿ ಬರೆಸಿದ್ದು `Aitappa`. ಆಸ್ಪತ್ರೆಯ ಹಾಳೆಯಲ್ಲಿ ಇರುವ ಹೆಸರೇ ವರದಿಗೆ ಹೋಗುತ್ತದೆ, ವರದಿಯ ಹೆಸರೇ ನಮೂನೆ 6ರಲ್ಲಿ ಬರುತ್ತದೆ. ನೋಂದಣಿಯಾದ ಮೇಲೆ ಅಕ್ಷರ ತಿದ್ದಿಸುವುದಕ್ಕೂ ಕಾಯ್ದೆಯಲ್ಲಿ ದಾರಿ ಇದೆ. ಆದರೆ ಅದಕ್ಕೆ ಮತ್ತೊಂದು ಅರ್ಜಿ, ಮತ್ತೊಂದು ಪ್ರಯಾಣ.

ಹಾಗಾಗಿ ನಾನು ಅಕ್ಕನಿಗೆ ಆಸ್ಪತ್ರೆಯ ಕಾಗದದ ಹೆಸರನ್ನು ಆಧಾರ್ ಮತ್ತು ಪಾಸ್‌ಬುಕ್ಕಿನ ಜೊತೆ ಅಕ್ಷರ ಅಕ್ಷರ ಹೋಲಿಸಲು ಹೇಳಿದೆ. ಮಗ ಪಕ್ಕದಲ್ಲಿ ಕೂತು ಓದಿದ. ಆಧಾರ್‌ನಲ್ಲಿ ಇದ್ದ ಒಂದು ‘h’ ಆಸ್ಪತ್ರೆಯ ಕಾಗದದಲ್ಲಿ ಇರಲಿಲ್ಲ. ಎರಡು ಕಾಗದಗಳಲ್ಲಿ ಹೆಸರು ಬೇರೆಯಾಗಿ, ತಿದ್ದಿಸುವುದೂ ಸಾಧ್ಯವಾಗದಿದ್ದರೆ, ಎರಡೂ ಹೆಸರಿನವರು ಒಬ್ಬರೇ ಎಂದು ವಿಲೇಜ್ ಆಫೀಸಿನಿಂದ ಕೊಡುವ ಪತ್ರವಿದೆ. ‘ಒನ್ ಆಂಡ್ ಸೇಮ್’ ಎಂದೇ ಎಲ್ಲರೂ ಕರೆಯುತ್ತಾರೆ. ಅದು ಕೊನೆಯ ದಾರಿಯಾಗಿ ಇರಲಿ.

ಕಳುಹಿಸಬೇಕಾದ ಕೊನೆಯ ಸಂದೇಶ

ಮಾತುಕತೆ ಮುಗಿದ ಮೇಲೆ ಎಲ್ಲವನ್ನೂ ಒಂದೇ ಸಂದೇಶದಲ್ಲಿ ಬರೆದು ಕಳುಹಿಸಿ. ಅವರು ಅದನ್ನು ಮಗನಿಗೆ, ಆಟೋದವರಿಗೆ, ಕೌಂಟರಿನವರಿಗೆ ತೋರಿಸುತ್ತಾರೆ. ಮೇಲೆ ಹೋಗಿ ಹಳೆಯ ಸಂದೇಶಗಳನ್ನು ಹುಡುಕುವ ಪರಿಸ್ಥಿತಿ ಬರಬಾರದು. ಅಕ್ಕನಿಗೆ ನಾನು ಬರೆದದ್ದು ಇದು:

‘ಬೇಕಾದದ್ದು: ಮರಣ ಪ್ರಮಾಣಪತ್ರ, ನಮೂನೆ 6. ಮೊದಲು ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಫೋನ್ ಮಾಡಿ ಎರಡು ವಿಷಯ ಕೇಳಿ. ಒಂದು, ವರದಿ ಯಾವ ನೋಂದಣಿ ಕಚೇರಿಗೆ ಹೋಗಿದೆ? ಎರಡು, ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದೆ, ತಿದ್ದಲು ಏನು ತರಬೇಕು? ಹೋಗುವಾಗ ಆಸ್ಪತ್ರೆಯ ಕಾಗದ, ಅವರ ಆಧಾರ್, ನಿಮ್ಮ ಆಧಾರ್ ತೆಗೆದುಕೊಳ್ಳಿ. ಪ್ರಮಾಣಪತ್ರದ ಕೆಲವು ಪ್ರತಿಗಳನ್ನು ಒಟ್ಟಿಗೇ ಪಡೆಯಿರಿ, ಬ್ಯಾಂಕಿಗೆ, ರೇಶನ್ ಕಾರ್ಡಿಗೆ, ವಿಧವಾ ಪಿಂಚಣಿಗೆ ಬೇಕಾಗುತ್ತದೆ. ಕೈಗೆ ಬಂದ ಕೂಡಲೇ ಅಲ್ಲಿಯೇ ನಿಂತು ಹೆಸರು, ದಿನಾಂಕ, ವಿಳಾಸ ಓದಿ ನೋಡಿ. ಆಮೇಲೆ ಬ್ಯಾಂಕಿಗೆ.’

ಅವರು ಕೇಳಿದ ಕೊನೆಯ ಪ್ರಶ್ನೆ, ‘ಇಲ್ಲಿಯ ಕಚೇರಿಗಳಿಗೆ ಕನ್ನಡದಲ್ಲಿ ಅರ್ಜಿ ಬರೆದರೆ ಆಗುತ್ತದಾ?’ ಎಂಬುದು. ಆಗುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಪ್ರದೇಶದ ಸರ್ಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ವಿಧವಾ ಪಿಂಚಣಿಗೆ ಅರ್ಜಿಯ ಜೊತೆ ಒಂದು ಪತ್ರ ಬರೆಯಬೇಕಾದರೆ ಕನ್ನಡದಲ್ಲಿಯೇ ಬರೆಯಿರಿ ಎಂದೆ. ಈ ಮಾತನ್ನು ನಾನು ಕೇಳಿದವರಿಗೆ ಮಾತ್ರವಲ್ಲ, ಕೇಳದವರಿಗೂ ಹೇಳುತ್ತೇನೆ. ನಾವು ಬರೆಯದಿದ್ದರೆ ಕನ್ನಡ ಓದುವ ನೌಕರರು ಅಲ್ಲಿ ಬೇಕು ಎಂದು ಯಾರಿಗೂ ತೋಚುವುದಿಲ್ಲ.

ಅದೇ ಪದ, ಬೇರೆ ದಾರಿ

ಅದೇ ವಾರ ಒಬ್ಬ ವಿದ್ಯಾರ್ಥಿಯೂ ‘ಸರ್ಟಿಫಿಕೇಟ್’ ಎಂದಷ್ಟೇ ಬರೆದಿದ್ದ. ಯಾರು ಕೇಳಿದರು ಎಂದರೆ ‘ಸಿಇಟಿ’ ಎಂದ. ಕರ್ನಾಟಕದ ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೆ ಒಂದು ನಿಯಮವಿದೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿದ್ದು, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳಲ್ಲಿ ನೆಲೆಸಿರುವವರನ್ನು ಅದು ಹೆಸರಿಸಿಯೇ ಹೇಳುತ್ತದೆ. ಅವನು ಇ-ಡಿಸ್ಟ್ರಿಕ್ಟ್‌ನಲ್ಲಿ ನೇಟಿವಿಟಿ ಪತ್ರಕ್ಕೆ ಅರ್ಜಿ ಹಾಕಲು ಹೊರಟಿದ್ದ. ಅದು ಕೇರಳದ ನಮೂನೆ. ಅವನಿಗೆ ಬೇಕಾದದ್ದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಿಕೆಯಲ್ಲಿ ಮುದ್ರಿತವಾಗಿರುವ ನಮೂನೆ. ಅದನ್ನು ಮುದ್ರಿಸಿಕೊಂಡು, ತುಂಬಿಸಿ, ತಹಶೀಲ್ದಾರರ ಸಹಿ ಮತ್ತು ಮೊಹರು ಹಾಕಿಸಬೇಕು, ಶಾಲೆಗಳಿಂದ ವ್ಯಾಸಂಗ ಪತ್ರ ತರಬೇಕು, ಭಾಷಾ ಪರೀಕ್ಷೆಗೂ ಹೋಗಬೇಕು. ಆ ವರ್ಷದ ಪುಸ್ತಿಕೆಯನ್ನೇ ತೆರೆದು ನೋಡಲು ಹೇಳಿದೆ. ಅಣ್ಣನ ಹಳೆಯ ನಮೂನೆಯನ್ನು ನಕಲು ಮಾಡಿಕೊಂಡು ಹೋಗಿ ಕಷ್ಟಕ್ಕೆ ಸಿಕ್ಕಿದವರಿದ್ದಾರೆ. ಅವನ ಜೊತೆಗಿನ ಮಾತುಕತೆ ಆರು ಸಂದೇಶಗಳಲ್ಲಿ ಮುಗಿಯಿತು, ಮೊದಲ ಪ್ರಶ್ನೆಯೇ ದಾರಿ ತೋರಿಸಿತ್ತು.

ಅಕ್ಕ ಆ ಶುಕ್ರವಾರ ಮತ್ತೆ ಬರೆದರು. ಈ ಸಲ ಮಾತಿರಲಿಲ್ಲ, ಫೋಟೋ ಮಾತ್ರ. ನಮೂನೆ 6, ನೋಂದಣಿ ಸಂಖ್ಯೆ, ದಿನಾಂಕ. ಹೆಸರನ್ನು ದೊಡ್ಡದು ಮಾಡಿ ನೋಡಿದೆ. ‘h’ ತನ್ನ ಜಾಗದಲ್ಲಿ ಇತ್ತು. ಪಾಸ್‌ಬುಕ್ಕಿನಲ್ಲಿ ಮಾತ್ರ ಮೊದಲ ಅಕ್ಷರ ‘A’ ಇಲ್ಲದೆ ಉಳಿದಿತ್ತು. ಬ್ಯಾಂಕಿಗೆ ಹೋಗುವಾಗ ಗಂಡನ ಆಧಾರ್ ಕಾರ್ಡನ್ನೂ ಜೊತೆಗೆ ಇಟ್ಟುಕೊಳ್ಳಿ, ಖಾತೆಗೆ ಆಧಾರ್ ಜೋಡಣೆಯಾಗಿದ್ದರೆ ಅದರ ಮೇಲೆ ಹೋಲಿಸಿ ನೋಡಲು ಹೇಳಿ ಎಂದು ಉತ್ತರಿಸಿದೆ.